ಹಳೆ ಕಂಪ್ರೆಸರ್ ಮಾರಿದ 80,000 ಲಾಭ: ಪುಸ್ತಕದಲ್ಲಿ ಉಂಟು, ಬ್ಲಾಕ್‌ನಲ್ಲಿ ಇಲ್ಲ. ಯಾವ ಲೆಕ್ಕ ಸರಿ?

ಮಲ್ಪೆ_ಐಸ್

ಮಲ್ಪೆ ಬಂದರಿನ ಹತ್ತಿರ ನಮ್ಮದೊಂದು ಐಸ್ ಪ್ಲಾಂಟ್ ಉಂಟು. ಅಣ್ಣ ತಮ್ಮಂದಿರ ಪಾಲುದಾರಿಕೆ ಫರ್ಮ್. 2024-25ರ ಆದಾಯದ ಲೆಕ್ಕ ಎರಡು ಶೀಟ್‌ನಲ್ಲಿ ಎರಡು ರೀತಿ ಬರುತ್ತಿದೆ. ಒಂದರಲ್ಲಿ 8,05,500, ಇನ್ನೊಂದರಲ್ಲಿ 7,25,500.

ವಿವರ ಹೇಳುತ್ತೇನೆ. ನಮ್ಮ ಪುಸ್ತಕದಲ್ಲಿ ಸವಕಳಿ ಎಸ್‌ಎಲ್‌ಎಂ ಪ್ರಕಾರ, ಅಂದರೆ ಪ್ರತಿ ವರ್ಷ ಒಂದೇ ಮೊತ್ತ. 9 ಲಕ್ಷದ ಹಳೆ ಅಮೋನಿಯಾ ಕಂಪ್ರೆಸರ್‌ಗೆ 15 ವರ್ಷದ ಆಯುಷ್ಯ, ಕೊನೆಗೆ 5% ಉಳಿಕೆ ಅಂತ ಹಿಡಿದು ವರ್ಷಕ್ಕೆ 57,000 ಬರೆಯುತ್ತಿದ್ದೆವು. 10 ವರ್ಷ ಆಗಿ 3,30,000 ಉಳಿದಿತ್ತು. ಏಪ್ರಿಲ್ ಮೊದಲ ವಾರ ಅದನ್ನು 4,10,000ಕ್ಕೆ ಮಾರಿದೆವು. 80,000 ಲಾಭ ಅಂತ ಲಾಭ ನಷ್ಟದ ಖಾತೆಯಲ್ಲಿ ಜಮಾ ಆಗಿದೆ.

ಹೊಸದು 12 ಲಕ್ಷ, ಸೆಪ್ಟೆಂಬರ್‌ನಲ್ಲಿ ಬಂತು. ಪ್ಯಾನೆಲ್ ತಡ ಆದ್ದರಿಂದ ಐಸ್ ಮಾರಾಟಕ್ಕೆ ಬಂದದ್ದು ಅಕ್ಟೋಬರ್ 10ರಿಂದ. ತೆರಿಗೆಯ 15% ಬ್ಲಾಕ್, ಅಂದರೆ ಆ ದರದ ಮೆಷಿನ್‌ಗಳೆಲ್ಲ ಸೇರಿದ ಒಟ್ಟು ಬಾಕಿ, ವರ್ಷದ ಆರಂಭದಲ್ಲಿ 22,40,000 ಇತ್ತು. ಪುಸ್ತಕದ ನಿವ್ವಳ ಲಾಭ 9,60,000. ಅದರಲ್ಲಿ ಈ 80,000 ಸೇರಿದೆ. ಈ ವರ್ಷ ಪುಸ್ತಕದಲ್ಲಿ ಹಾಕಿದ ಸವಕಳಿ ಒಟ್ಟು 2,10,000.

ಎರಡರಲ್ಲಿ ಯಾವುದು ಸರಿ?

ಬೈಂದೂರು_ಹುಡುಗ

ನನ್ನ ಪ್ರಕಾರ ಎರಡೂ ತಪ್ಪು ಸರ್. ಆದಾಯ ತೆರಿಗೆಗೆ ಎಸ್‌ಎಲ್‌ಎಂ ನಡೆಯುವುದಿಲ್ಲ, ಉಳಿದ ಬಾಕಿಯ ಮೇಲೆ ಸವಕಳಿ ಹಾಕುವ ಡಬ್ಲ್ಯುಡಿವಿ ಬೇಕು. 9 ಲಕ್ಷಕ್ಕೆ ಪ್ರತಿ ವರ್ಷ 15% ಇಳಿಸುತ್ತಾ ಹೋದರೆ 10 ವರ್ಷಕ್ಕೆ 1,77,187 ಉಳಿಯುತ್ತದೆ. ನೀವು ಮಾರಿದ್ದು 4,10,000ಕ್ಕೆ. ಅಂದರೆ ನಿಜವಾದ ಲಾಭ 80,000 ಅಲ್ಲ, 2,32,813. ಅದನ್ನೇ ತೋರಿಸಬೇಕು.

ಗೇರುಬೀಜ_ಕಾರ್ಕಳ

ನಾನು ಇದನ್ನೇ ಕೇಳಬೇಕು ಅಂತಿದ್ದೆ. ನಮ್ಮ ಗೇರು ಫ್ಯಾಕ್ಟರಿಯ ಕಟಿಂಗ್, ಪೀಲಿಂಗ್ ಮೆಷಿನ್ ಎಲ್ಲ ಮಾರಿಬಿಟ್ಟೆವು. ಈಗ ಕೆಲಸ ಹೊರಗೆ ಕೊಟ್ಟು ಮಾಡಿಸುತ್ತೇವೆ. ಬ್ಲಾಕ್ 6,20,000 ಇತ್ತು, ಮಾರಿ ಬಂದದ್ದು 4,50,000. ಉಳಿದ 1,70,000ಕ್ಕೆ ಪ್ರತಿ ವರ್ಷ 15% ಹಾಕುತ್ತಾ ಹೋಗಬಹುದಲ್ವಾ?

ಲೆಕ್ಕದಕೋಣೆ_ಕುಡ್ಲ

ಕಾರ್ಕಳದವರೇ, ನಿಮ್ಮದಕ್ಕೆ ಆಮೇಲೆ ಬರುತ್ತೇನೆ. ಅದು ಬೇರೆಯೇ ಪ್ರಶ್ನೆ.

ಮಲ್ಪೆಯವರೇ, 7,25,500 ಸರಿ. ಎರಡು ಶೀಟ್ ನಡುವಿನ ವ್ಯತ್ಯಾಸ ಎಷ್ಟು ನೋಡಿ: ಸರಿಯಾಗಿ 80,000. ಮೊದಲನೆಯ ಶೀಟ್ ಮಾಡಿದವರು ಪುಸ್ತಕದ ಲಾಭಕ್ಕೆ ಪುಸ್ತಕದ ಸವಕಳಿ ವಾಪಸ್ ಸೇರಿಸಿದ್ದಾರೆ, ತೆರಿಗೆಯ ಸವಕಳಿ ಕಳೆದಿದ್ದಾರೆ. ಆದರೆ ಮಾರಾಟದ ಲಾಭವನ್ನು ಹಾಗೇ ಒಳಗೆ ಬಿಟ್ಟಿದ್ದಾರೆ. ಮಾರಿದ 4,10,000 ಬ್ಲಾಕ್‌ನಿಂದ ಕಳೆದೂ ಆಗಿದೆ. ಒಂದೇ ಮಾರಾಟಕ್ಕೆ ಎರಡು ಕಡೆ ತೆರಿಗೆ ಬಿದ್ದ ಹಾಗಾಯಿತು. ಫರ್ಮ್‌ಗೆ ಸೆಸ್ ಸೇರಿ 31.2%, ಅಂದರೆ ಸುಮ್ನೆ 24,960 ಜಾಸ್ತಿ ಕಟ್ಟುತ್ತಿದ್ದಿರಿ.

ಬ್ಲಾಕ್ ಹೀಗೆ ಹೋಗುತ್ತದೆ:

```
ಆರಂಭ               22,40,000
+ ಹೊಸ ಕಂಪ್ರೆಸರ್      12,00,000
- ಮಾರಾಟದ ಹಣ         4,10,000
ಒಟ್ಟು               30,30,000

18,30,000 x 15%     2,74,500
12,00,000 x 7.5%      90,000
ಸವಕಳಿ              3,64,500
```

ಮಾರಾಟದ ಹಣವನ್ನು ಹಳೆ ಬಾಕಿಯಿಂದಲೇ ಕಳೆದಿದ್ದೇನೆ. ರಿಟರ್ನ್‌ನ `Schedule DPM` ಕೂಡ ಹಾಗೇ ಕೇಳುತ್ತದೆ. ಹೊಸದಕ್ಕೆ ಅರ್ಧ ದರ ಯಾಕೆಂದರೆ ಅಕ್ಟೋಬರ್ 10ರಿಂದ ಮಾರ್ಚ್ 31ಕ್ಕೆ 173 ದಿನ ಮಾತ್ರ. 180 ದಿನ ಆಗಬೇಕಾದರೆ ಅಕ್ಟೋಬರ್ 3ರ ಒಳಗೆ ಬಳಕೆ ಶುರುವಾಗಬೇಕಿತ್ತು.

ಇನ್ನು ಆದಾಯ: 9,60,000ಕ್ಕೆ 2,10,000 ಸೇರಿಸಿ, 80,000 ಕಳೆದು, 3,64,500 ಕಳೆದರೆ 7,25,500.

ಬೈಂದೂರಿನವರೇ, ತೆರಿಗೆಗೆ ಡಬ್ಲ್ಯುಡಿವಿ ಎಂಬುದು ಸರಿ. 1,77,187 ಎಂಬ ಗುಣಾಕಾರವೂ ಸರಿ. ಆದರೆ ಆ ಕಂಪ್ರೆಸರ್‌ಗೆ ಅಂತ ಒಂದು ಪ್ರತ್ಯೇಕ ಬಾಕಿ ತೆರಿಗೆಯ ಲೆಕ್ಕದಲ್ಲಿ ಇರುವುದೇ ಇಲ್ಲ. ಮೆಷಿನ್ ಬ್ಲಾಕ್‌ಗೆ ಬಿದ್ದ ಕ್ಷಣದಿಂದ ಕೊಡದಲ್ಲಿ ಬೆರೆತ ನೀರು. ಇದು ಯಾವ ಬಾವಿಯದ್ದು ಅಂತ ತೆಗೆದು ತೋರಿಸಲು ಆಗುವುದಿಲ್ಲ. ಮಾರಿದಾಗ ಲಾಭ ನಷ್ಟ ಹುಡುಕುವುದಿಲ್ಲ, ಬಂದ ಹಣ ಕಳೆಯುವುದು ಅಷ್ಟೇ. ಈ ಕೇಸಿನಲ್ಲಿ ಮಾರಾಟದ ಹಣ 34,40,000 ದಾಟಿದ್ದರೆ ಮಾತ್ರ, ದಾಟಿದಷ್ಟು ಅಲ್ಪಾವಧಿ ಬಂಡವಾಳ ಲಾಭ ಆಗುತ್ತಿತ್ತು.

ಬೈಂದೂರು_ಹುಡುಗ

ಹಾಗಾದರೆ ಆ 2,32,813ಕ್ಕೆ ತೆರಿಗೆಯೇ ಇಲ್ವಾ? ಸರಕಾರ ಬಿಟ್ಟುಬಿಡುತ್ತದಾ?

ಲೆಕ್ಕದಕೋಣೆ_ಕುಡ್ಲ

ಬಿಡುವುದಿಲ್ಲ, ನಿಧಾನವಾಗಿ ತೆಗೆದುಕೊಳ್ಳುತ್ತದೆ. ಬ್ಲಾಕ್‌ನಿಂದ 4,10,000 ಕಳೆದದ್ದರಿಂದ ಈ ವರ್ಷ 61,500 ಸವಕಳಿ ಕಡಿಮೆ ಸಿಕ್ಕಿತು. ಮುಂದಿನ ವರ್ಷ 52,275 ಕಡಿಮೆ. ಹೀಗೆ ಇಳಿಯುತ್ತಾ ಹೋಗುತ್ತದೆ. ನೀವು ಹೇಳಿದ ಲಾಭ ಈ ಕಡಿತದ ಒಳಗೇ ಉಂಟು, ಒಂದೇ ವರ್ಷ ಬರುವ ಬದಲು ಹರಡಿಕೊಂಡು ಬರುತ್ತದೆ.

ಸುರತ್ಕಲ್_ಟೂಲ್ಸ್

ನನಗೆ ಒಂದು ಅರ್ಥ ಆಗಲಿಲ್ಲ. ಎರಡು ಲೆಕ್ಕ ಇಡುವ ತಲೆಬಿಸಿಯೇ ಬೇಡ ಅಂತ ತೆರಿಗೆಗೂ ಎಸ್‌ಎಲ್‌ಎಂ ಆರಿಸಿಕೊಂಡರೆ ಆಗುವುದಿಲ್ವಾ? ಪಡುಬಿದ್ರಿ ಕಡೆಯ ನನ್ನ ಸ್ನೇಹಿತರೊಬ್ಬರು ಗಾಳಿಯಂತ್ರಕ್ಕೆ ಹಾಗೆ ಮಾಡುತ್ತಾರೆ ಅಂತ ಹೇಳಿದ್ದರು.

ಲೆಕ್ಕದಕೋಣೆ_ಕುಡ್ಲ

ಆ ಆಯ್ಕೆ ಇರುವುದು ವಿದ್ಯುತ್ ಉತ್ಪಾದಿಸುವವರಿಗೆ ಮಾತ್ರ. ಗಾಳಿಯಂತ್ರದವರಿಗೆ ಸಿಗುತ್ತದೆ, ಐಸ್ ಪ್ಲಾಂಟಿಗೂ ನಿಮ್ಮ ವರ್ಕ್‌ಶಾಪಿಗೂ ಸಿಗುವುದಿಲ್ಲ.

ಮತ್ತೆ, ಸಿಕ್ಕಿದರೂ ನೀವು ಬಯಸುತ್ತೀರಾ ನೋಡಿ. ಅದೇ 9 ಲಕ್ಷದ ಕಂಪ್ರೆಸರ್ ತಗೊಳ್ಳಿ. ಡಬ್ಲ್ಯುಡಿವಿಯಲ್ಲಿ ಮೊದಲ ವರ್ಷ 1,35,000, ಎರಡನೇ ವರ್ಷ 1,14,750. ಎಸ್‌ಎಲ್‌ಎಂನಲ್ಲಿ ಪ್ರತಿ ವರ್ಷ ಅದೇ 57,000. ಆರನೇ ವರ್ಷದವರೆಗೂ ಡಬ್ಲ್ಯುಡಿವಿಯೇ ಮುಂದೆ. ಏಳನೇ ವರ್ಷ ಅದು 51,000ದ ಹತ್ತಿರಕ್ಕೆ ಇಳಿದು ಎಸ್‌ಎಲ್‌ಎಂ ಮೇಲಾಗುತ್ತದೆ. ಬ್ಯಾಂಕ್ ಸಾಲದ ಕಂತು ಜೋರಾಗಿರುವುದು ಮೊದಲ ವರ್ಷಗಳಲ್ಲೇ. ಆಗ ತೆರಿಗೆ ಕಡಿಮೆ ಆಗುವುದು ದೊಡ್ಡ ಉಪಕಾರ. ಪುಸ್ತಕದಲ್ಲಿ ಎಸ್‌ಎಲ್‌ಎಂ ಇಡುವುದು ತಪ್ಪಲ್ಲ. ಐಸ್ ಬ್ಲಾಕ್‌ಗೆ ಎಷ್ಟು ಖರ್ಚು ಬಿತ್ತು ಅಂತ ವರ್ಷದಿಂದ ವರ್ಷಕ್ಕೆ ಹೋಲಿಸಲು ಅದು ಒಳ್ಳೆಯದು. ಎರಡೂ ರಿಜಿಸ್ಟರ್ ಬೇರೆ ಬೇರೆ ಇರಲಿ.

ಮಲ್ಪೆ_ಐಸ್

ತುಂಬಾ ಉಪಕಾರ ಆಯಿತು ಸರ್. 24,960 ನಮಗೆ ಸಣ್ಣ ಮೊತ್ತ ಅಲ್ಲ. ಇನ್ನೊಂದು, ಕೈಗಾರಿಕೆಗೆ 20% ಹೆಚ್ಚುವರಿ ಸವಕಳಿ ಉಂಟು ಅಂತ ಕೇಳಿದ್ದೇನೆ. ಅದು ನಮಗೆ ಬರುತ್ತದಾ?

ಸುರತ್ಕಲ್_ಟೂಲ್ಸ್

ನನಗೆ ಸಿಗಲಿಲ್ಲ. ಲೇತ್ ತಗೊಂಡಾಗ ನಮ್ಮವರು ಇಲ್ಲ ಅಂದರು.

ಲೆಕ್ಕದಕೋಣೆ_ಕುಡ್ಲ

ಸುರತ್ಕಲ್‌ನವರೇ, ನಿಮ್ಮದು ಒಬ್ಬರೇ ಮಾಲೀಕರ ವ್ಯವಹಾರ ಅಂತ ಕಾಣುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಇದ್ದರೆ ಹೆಚ್ಚುವರಿ ಸವಕಳಿ ಇಲ್ಲ. 2023-24ರಿಂದ ಅದೇ ತಾನಾಗಿ ಅನ್ವಯವಾಗುವ ಪದ್ಧತಿ. ಬೇಡ ಅಂದರೆ ಫಾರ್ಮ್ ತುಂಬಿ ಹೊರಬರಬೇಕು. ಲೇತ್ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಯಾವ ಪದ್ಧತಿಯಲ್ಲೂ ಇಲ್ಲ.

ಮಲ್ಪೆಯವರದ್ದು ಫರ್ಮ್, ಆ ಪದ್ಧತಿ ಅವರಿಗೆ ಅನ್ವಯಿಸುವುದಿಲ್ಲ. ಐಸ್ ತಯಾರಿಕೆ ಉತ್ಪಾದನೆಯೇ, ಮೆಷಿನ್ ಹೊಸದು. ಆದ್ದರಿಂದ ಕೇಳಬಹುದು. 180 ದಿನ ಆಗದ ಕಾರಣ ಈ ವರ್ಷ 10%, ಅಂದರೆ 1,20,000. ಉಳಿದ 1,20,000 ಮುಂದಿನ ವರ್ಷ. ಆಗ ಈ ವರ್ಷದ ಆದಾಯ 6,05,500ಕ್ಕೆ ಇಳಿಯುತ್ತದೆ, ಬ್ಲಾಕ್‌ನ ಬಾಕಿ 25,45,500 ಆಗುತ್ತದೆ. ಮುಂದಿನ ವರ್ಷ ಆ ಎರಡನೇ ಭಾಗ ಮರೆತುಬಿಡುವವರು ಜಾಸ್ತಿ. ಈಗಲೇ ಬರೆದಿಡಿ.

12 ಲಕ್ಷ ಎಂಬುದು ಜಿಎಸ್‌ಟಿ ಬಿಟ್ಟು ಅಲ್ವಾ? ಇನ್‌ಪುಟ್ ಕ್ರೆಡಿಟ್ ತಗೊಂಡ ತೆರಿಗೆಯನ್ನು ಬ್ಲಾಕ್‌ಗೆ ಸೇರಿಸಬಾರದು.

ಮಲ್ಪೆ_ಐಸ್

ಹೌದು, ಬಿಟ್ಟೇ 12 ಲಕ್ಷ. ಕ್ರೆಡಿಟ್ ತಗೊಂಡಾಗಿದೆ.

ಗೇರುಬೀಜ_ಕಾರ್ಕಳ

ನನ್ನದು ಮರೆಯಬೇಡಿ ಮಾರಾಯ್ರೇ.

ಲೆಕ್ಕದಕೋಣೆ_ಕುಡ್ಲ

ನಿಮ್ಮದರಲ್ಲಿ ಒಂದು ಪ್ರಶ್ನೆಗೆ ಉತ್ತರ ಬೇಕು. ಮಾರ್ಚ್ 31ಕ್ಕೆ ಆ 15% ಬ್ಲಾಕ್‌ನಲ್ಲಿ ಒಂದಾದರೂ ಮೆಷಿನ್ ಉಳಿದಿತ್ತಾ? ಒಂದೂ ಇಲ್ಲದಿದ್ದರೆ ಬ್ಲಾಕ್ ಅಲ್ಲಿಗೆ ಮುಗಿಯಿತು. 1,70,000ಕ್ಕೆ ಸವಕಳಿ ಇಲ್ಲ. ಅದು ಅಲ್ಪಾವಧಿ ಬಂಡವಾಳ ನಷ್ಟ. ವ್ಯಾಪಾರದ ಲಾಭದಿಂದ ಕಳೆಯಲು ಬರುವುದಿಲ್ಲ. ಜಾಗವೋ ಶೇರೋ ಮಾರಿ ಬಂಡವಾಳ ಲಾಭ ಬಂದರೆ ಅದರ ಎದುರು ಹೊಂದಿಸಬಹುದು. ರಿಟರ್ನ್ ಅವಧಿಯೊಳಗೆ ಹಾಕಿದ್ದರೆ 8 ವರ್ಷ ಮುಂದಕ್ಕೆ ಒಯ್ಯಬಹುದು.

ಗೇರುಬೀಜ_ಕಾರ್ಕಳ

ಗೋದಾಮಿನಲ್ಲಿ ದೊಡ್ಡ ತೂಕದ ಮೆಷಿನ್ ಉಂಟು. ಬೀಜ ಬಂದಾಗ, ತಿರುಳು ವಾಪಸ್ ಬಂದಾಗ ಅದರಲ್ಲೇ ತೂಗುವುದು. ಅದನ್ನು ಮಾರಲಿಲ್ಲ.

ಲೆಕ್ಕದಕೋಣೆ_ಕುಡ್ಲ

ಅದು ಅದೇ ಬ್ಲಾಕ್‌ಗೆ ಸೇರಿಸಿದ್ದಾ, ಖರೀದಿ ಬಿಲ್ ಉಂಟಾ ನೋಡಿ. ಹೌದಾದರೆ ಬ್ಲಾಕ್ ಇನ್ನೂ ಜೀವಂತ. 1,70,000ಕ್ಕೆ 15%, ಅಂದರೆ 25,500 ಈ ವರ್ಷವೇ ಸಿಗುತ್ತದೆ. ತೂಕದ ಮೆಷಿನ್ ಬೆಲೆ ಸಣ್ಣದು ಎಂಬುದು ಮುಖ್ಯ ಅಲ್ಲ. ಅದು ಇರಬೇಕು, ವ್ಯವಹಾರಕ್ಕೆ ಬಳಕೆ ಆಗುತ್ತಿರಬೇಕು. ಆಸ್ತಿ ರಿಜಿಸ್ಟರ್‌ನಲ್ಲಿ ಅದರ ಹೆಸರು ಕಾಣುವ ಹಾಗೆ ಇಡಿ.

ಮಲ್ಪೆ_ಐಸ್

ಒಂದು ಹೇಳಲು ಬಿಟ್ಟುಹೋಯಿತು. ಹೊಸ ಕಂಪ್ರೆಸರ್‌ನ ಟ್ರಯಲ್ ಸೆಪ್ಟೆಂಬರ್ 29ಕ್ಕೇ ಆಗಿತ್ತು. ತಾತ್ಕಾಲಿಕ ಪ್ಯಾನೆಲ್ ಇಟ್ಟು ಓಡಿಸಿದರು. ಅಮೋನಿಯಾ ತುಂಬಿಸಿ, ಉಪ್ಪುನೀರಿನ ಟ್ಯಾಂಕ್ ತಣಿಸಿ, ಒಂದು ಸಾಲು ಕ್ಯಾನ್ ಕಟ್ಟಿ ನೋಡಿದೆವು. ಐಸ್ ಸರಿಯಾಗಿ ಗಟ್ಟಿ ಆಗಲಿಲ್ಲ, ಮಾರಲಿಲ್ಲ. ಆ ತಾರೀಕು ಹಿಡಿಯಬಹುದಾ? ಹಿಡಿದರೆ 184 ದಿನ ಆಗುತ್ತದೆ.

ಲೆಕ್ಕದಕೋಣೆ_ಕುಡ್ಲ

ಹಿಡಿದರೆ ಈ ವರ್ಷವೇ 90,000 ಮಾಮೂಲಿ ಸವಕಳಿ, 1,20,000 ಹೆಚ್ಚುವರಿ ಸವಕಳಿ ಜಾಸ್ತಿ ಸಿಗುತ್ತದೆ. ಪ್ರಾಯೋಗಿಕ ಉತ್ಪಾದನೆಯನ್ನೂ ಬಳಕೆ ಅಂತ ಒಪ್ಪಿದ ಹೈಕೋರ್ಟ್ ತೀರ್ಪುಗಳು ಉಂಟು. ಮಾರಾಟ ಆಗಲೇಬೇಕು ಅಂತಿಲ್ಲ. ಆದರೆ ಕೈಯಲ್ಲಿ ಕಾಗದ ಬೇಕು. ಅಮೋನಿಯಾ ಬಿಲ್‌ನ ತಾರೀಕು, ಆ ದಿನದ ಮೀಟರ್ ಅಥವಾ ಲಾಗ್‌ಬುಕ್, ಮೆಷಿನ್ ಕೂರಿಸಿದವರು ಕೊಟ್ಟ ವರದಿ. ಇವು ಮೂರೂ ಒಂದೇ ತಾರೀಕು ಹೇಳುತ್ತವಾ?

ಬೈಂದೂರು_ಹುಡುಗ

ನಾನಾದರೆ ಹಿಡಿಯುವುದಿಲ್ಲ. ಅರ್ಧ ಹೇಗೂ ಮುಂದಿನ ವರ್ಷಗಳಲ್ಲಿ ಬರುತ್ತದೆ. ಅದಕ್ಕಾಗಿ ನೋಟಿಸ್‌ಗೆ ಉತ್ತರ ಕೊಡುತ್ತಾ ಯಾಕೆ ಕೂರಬೇಕು?

ಲೆಕ್ಕದಕೋಣೆ_ಕುಡ್ಲ

ಇದರಲ್ಲಿ ಬೈಂದೂರಿನವರ ಮಾತಿಗೆ ತೂಕ ಉಂಟು. ಬರೀ ಸಮಯದ ವ್ಯತ್ಯಾಸ, ಕಳೆದುಹೋಗುವುದು ಏನಿಲ್ಲ. ಕಾಗದ ಗಟ್ಟಿ ಇದ್ದರೆ ನಾನು ಹಿಡಿಯುತ್ತೇನೆ, ಇಲ್ಲದಿದ್ದರೆ ಅಕ್ಟೋಬರ್ 10.

ಮಲ್ಪೆ_ಐಸ್

ಅಮೋನಿಯಾ ಬಿಲ್ ಸೆಪ್ಟೆಂಬರ್ 27ರದ್ದು ಉಂಟು. ಲಾಗ್‌ಬುಕ್‌ನಲ್ಲಿ 29ಕ್ಕೆ ಆಪರೇಟರ್ ಬರೆದಿದ್ದಾರೆ. ಕೂರಿಸಿದವರ ವರದಿಯಲ್ಲಿ ಮಾತ್ರ ಅಕ್ಟೋಬರ್ 8 ಅಂತ ಉಂಟು. ಅವರಿಗೆ ಫೋನ್ ಮಾಡಿ ಟ್ರಯಲ್‌ನ ದಿನದ್ದು ಬೇರೆ ಶೀಟ್ ಇದೆಯಾ ಅಂತ ಕೇಳುತ್ತೇನೆ. ಸಿಕ್ಕಿದರೆ ಇಲ್ಲಿ ಹೇಳುತ್ತೇನೆ.