ಸಿಟಿ ಸ್ಕ್ಯಾನ್ ಸಿಡಿ ಓಪನ್ ಆಗ್ತೈತಿ, ಆದ್ರ ಬೆಂಗಳೂರು ಡಾಕ್ಟ್ರು "ಇದು ಸಾಲಂಗಿಲ್ಲ" ಅಂತಾರ

ಧಾರವಾಡದಂವ
ತಲಿ ಕೆಟ್ಟು ಹೋಗೇತ್ರಿ. ನಮ್ಮ ಅಪ್ಪಾರದ್ದು ಸ್ಕ್ಯಾನ್ ಮಾಡಿಸಿವಿ, ಸೆಂಟರ್‌ನವ್ರು ಫಿಲ್ಮು, ಒಂದು ಸಿಡಿ, ಮೊಬೈಲಿಗೆ ಒಂದು ಲಿಂಕು ಕೊಟ್ರು. ಸೆಕೆಂಡ್ ಒಪಿನಿಯನ್‌ಗ ಅಂತ ಬೆಂಗಳೂರು ಡಾಕ್ಟರಿಗೆ ಲಿಂಕ್ ಕಳಿಸಿದ್ರ ಇದು ಸಾಲಂಗಿಲ್ಲ ಅಂದ್ರು, ಪೂರಾ ಸಿಡಿ ಕಾಪಿ ಮಾಡಿ ಡ್ರೈವ್‌ನ್ಯಾಗ ಹಾಕಿ ಕಳಿಸಿದೆ, ಅದಕ್ಕೂ ಅದ ಮಾತು. ನಮ್ಮ ಲ್ಯಾಪ್‌ಟಾಪಿನ್ಯಾಗ ಛಲೋ ಕಾಣಸ್ತೈತಿ. ಸಿಡಿ ಕೆಟ್ಟೈತೋ, ಕಾಪಿ ಮಾಡೋದ್ರಾಗ ಏನರ ತಪ್ಪೈತೋ? ಲಗೂನ ಹೇಳ್ರಿ.

ಪಿಕ್ಸೆಲ್ ಪ್ರಸಾದ್
ಇದು ಪಕ್ಕಾ ಕಂಪ್ರೆಷನ್ ಸಮಸ್ಯೆ. ಸೆಂಟರ್‌ನವ್ರು ಜಾಗ ಉಳಿಸೋಕೆ ಜೆಪೆಗ್ ಮಾಡಿ ಬರ್ನ್ ಮಾಡಿರ್ತಾರೆ, ಡೀಟೇಲ್ ಎಲ್ಲ ಹೋಗಿರತ್ತೆ. ಕಂಪ್ರೆಸ್ ಮಾಡದೆ ಇನ್ನೊಂದು ಸಿಡಿ ಕೊಡಿ ಅಂತ ಕೇಳಿ, ಸರಿ ಹೋಗತ್ತೆ.

ಸುಮಾ ಮೈಸೂರು
ನಮ್ಮ ಅತ್ತೆ ಮಂಡಿ ಎಂಆರ್‌ಐದೂ ಹೀಗೇ ಆಗಿತ್ತು. ಎರಡು ಸಿಡಿಗಳನ್ನ ಒಂದೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ವಿ, ಎರಡರಲ್ಲೂ ಫೈಲ್ ಹೆಸರು IM000001, IM000002 ಅಂತಾನೇ ಇತ್ತು, "ರೀಪ್ಲೇಸ್ ಮಾಡ್ಲಾ" ಅಂತ ಕೇಳಿದಾಗ ಯೆಸ್ ಒತ್ತಿಬಿಟ್ಟಿದ್ರು ನಮ್ಮನೆಯವರು, ಹಳೇ ಸ್ಕ್ಯಾನ್ ಅರ್ಧ ಅಳಿಸಿಹೋಯ್ತು. ಒಂದೊಂದು ಸಿಡಿಗೂ ಬೇರೆ ಫೋಲ್ಡರ್ ಮಾಡಿದೀರಾ ನೋಡಿ ಸರ್.

ಸಿಟಿ ರೂಮ್ ದಾವಣಗೆರೆ
ಯಾವ ಸ್ಕ್ಯಾನು, ಡಾಕ್ಟ್ರು ಏನು ಪದ ಬಳಸಿದ್ರು, ಹೇಳ್ಲೇ ಇಲ್ವಲ್ಲ ನೀವು. ಸಿಡಿಲಿ ಒಟ್ಟು ಎಷ್ಟು ಫೈಲು, ಎಷ್ಟು ಎಂಬಿ ಅಂತಾನೂ ಹೇಳಿ.

ಧಾರವಾಡದಂವ
ಎದಿ ಸಿಟಿ ರೀ. ಬಲಗಡೆ ಪುಪ್ಪುಸದಾಗ ಸಣ್ಣ ಗಂಟು ಐತಿ ಅಂತ ರಿಪೋರ್ಟ್. ಡಾಕ್ಟ್ರ ಅಸಿಸ್ಟಂಟು "ಸರ್ ಥಿನ್ ಕಟ್ಸ್ ಕೇಳ್ತಿದಾರೆ" ಅಂತ ಮೆಸೇಜ್ ಹಾಕ್ಯಾರ. DICOM ಅನ್ನೋ ಫೋಲ್ಡರಿನ್ಯಾಗ ಎಪ್ಪತ್ತರ ಮ್ಯಾಲ ಒಂದೆರಡು ಫೈಲ್ ಅದಾವ, ಹೊರಗ DICOMDIR ಅಂತ ಒಂದು, ಒಂದು ವ್ಯೂವರ್ exe. ಎಲ್ಲಾನೂ ಕಳಿಸೀನಿ.

ಪಿಕ್ಸೆಲ್ ಪ್ರಸಾದ್
ನೋಡಿ, ಎಪ್ಪತ್ತು ಫೈಲು ಅಂದ್ರೆ ಸೈಜ್ ಕಮ್ಮಿ ಇರತ್ತೆ, ನಾನು ಹೇಳಿದ್ದೇ ಕಂಪ್ರೆಷನ್.

ಸಿಟಿ ರೂಮ್ ದಾವಣಗೆರೆ
ಕಂಪ್ರೆಸ್ ಮಾಡಿದ್ರೆ ಫೈಲ್ ಸೈಜ್ ಕಮ್ಮಿ ಆಗುತ್ತೆ ಪ್ರಸಾದ್, ಫೈಲ್ ಸಂಖ್ಯೆ ಅಲ್ಲ. ಧಾರವಾಡದವರೇ, ಸ್ಕ್ಯಾನ್ ಇಮೇಜಿನ ಡೈಕಾಮ್ ಫೈಲ್ ಓದೋ ಡಿಸಿಎಂಟಿಕೆ ಸಾಫ್ಟ್‌ವೇರ್ ಹಾಕ್ಕೊಂಡು ಒಂದು ಫೈಲ್ ಮೇಲೆ ಇದನ್ನ ಓಡಿಸಿ, ಔಟ್‌ಪುಟ್ ಇಲ್ಲಿ ಹಾಕಿ. ಬೇರೆ ಸಾಲುಗಳಲ್ಲಿ ಅಪ್ಪನ ಹೆಸರು, ಹುಟ್ಟಿದ ತಾರೀಖು ಎಲ್ಲ ಇರುತ್ತೆ, ಫೈಲ್ ಹೆಸರು ಬದಲಿಸಿದ್ರೂ ಅವು ಹೋಗಲ್ಲ, ಅದಕ್ಕೆ ಪೂರ್ತಿ ಔಟ್‌ಪುಟ್ ಹಾಕಬೇಡಿ.

```
dcmdump +P 0002,0010 +P 0008,103e +P 0018,0050 IM000012
```

ಧಾರವಾಡದಂವ
ಬಂತು ನೋಡ್ರಿ.

```
(0002,0010) UI =JPEGLossless:Non-hierarchical-1stOrderPrediction
(0008,103e) LO [AXIAL LUNG]
(0018,0050) DS [5.0]
```

ಪಿಕ್ಸೆಲ್ ಪ್ರಸಾದ್
ಜೆಪೆಗ್ ಅಂತ ಮೊದಲನೇ ಸಾಲಲ್ಲೇ ಇದೆ!

ಸಿಟಿ ರೂಮ್ ದಾವಣಗೆರೆ
ಪೂರ್ತಿ ಓದಿ ಪ್ರಸಾದ್, ಲಾಸ್‌ಲೆಸ್ ಅಂತಿದೆ. ಬಿಚ್ಚಿದ್ರೆ ಒಂದೊಂದು ಪಿಕ್ಸೆಲ್ಲೂ ಮೊದಲಿದ್ದ ಹಾಗೇ ಬರುತ್ತೆ, ಇಲ್ಲಿ ಏನೂ ಕಳೆದುಹೋಗಿಲ್ಲ. ಲಾಸಿ ಜೆಪೆಗ್ ಆಗಿದ್ರೆ ನಿಮ್ಮ ಅನುಮಾನಕ್ಕೆ ಅರ್ಥ ಇತ್ತು, ಅಂಥ ಸಿಡಿಗಳೂ ಇರ್ತವೆ.

ವಿಷಯ ಇರೋದು ಕೊನೇ ಸಾಲಲ್ಲಿ, 5.0 ಅಂದ್ರೆ ಒಂದು ಇಮೇಜು 5 ಮಿಮೀ ದಪ್ಪದ ಸ್ಲೈಸು. ಎದೆ ಸುಮಾರು 350 ಮಿಮೀ ಉದ್ದ ಸ್ಕ್ಯಾನ್ ಆಗಿದ್ರೆ 5 ಮಿಮೀ ಲೆಕ್ಕದಲ್ಲಿ 70 ಇಮೇಜು, ನಿಮ್ಮ ಫೈಲ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ, ಮಿಕ್ಕ ಒಂದೆರಡು ಸ್ಕೌಟ್ ಇಮೇಜ್ ಇರಬಹುದು. ಅಂದ್ರೆ ಸಿಡಿ ಕೆಟ್ಟಿಲ್ಲ, ನಿಮ್ಮ ಕಾಪೀನೂ ಸರಿ ಇದೆ, ಡಾಕ್ಟ್ರು ಕೇಳ್ತಿರೋ ಸೀರೀಸ್ ಸಿಡಿಗೆ ಬಂದೇ ಇಲ್ಲ. 4 ಮಿಮೀ ಗಂಟು 5 ಮಿಮೀ ಸ್ಲೈಸಲ್ಲಿ ಅಕ್ಕಪಕ್ಕದ ಗಾಳಿ ಜೊತೆ ಕಲಸಿಹೋಗಿ ಮಬ್ಬಾಗಿ ಕಾಣುತ್ತೆ, ಅಂಚು ಹೆಂಗಿದೆ, ಒಳಗೆ ಕ್ಯಾಲ್ಸಿಯಂ ಇದೆಯಾ, ಅಳತೆ ಎಷ್ಟು, ಯಾವುದೂ ಗಟ್ಟಿಯಾಗಿ ಹೇಳೋಕಾಗಲ್ಲ. ಫ್ಲೈಶ್ನರ್ ಸೊಸೈಟಿಯ 2017ರ ಗೈಡ್‌ಲೈನಲ್ಲೂ ಗಂಟು ನೋಡೋಕೆ 1.5 ಮಿಮೀಗಿಂತ ದಪ್ಪ ಇರಬಾರದು ಅಂತಿದೆ.

ನಾವು ಮಷೀನಲ್ಲಿ ಸ್ಕ್ಯಾನ್ ಮಾಡೋದು ಒಂದೇ ಸಲ, ಆಮೇಲೆ ಅದರಿಂದ ದಪ್ಪ ಸೀರೀಸು, ಸಣ್ಣ ಸೀರೀಸು ಎರಡೂ ತೆಗೀಬಹುದು. ಎಷ್ಟೋ ಕಡೆ ಪ್ಯಾಕ್ಸ್‌ಗೆ, ಅಂದ್ರೆ ಸೆಂಟರ್‌ನ ಇಮೇಜ್ ಇಡೋ ಸರ್ವರ್‌ಗೆ, ದಪ್ಪದ್ದು ಮಾತ್ರ ಕಳಿಸ್ತಾರೆ, ಸಿಡಿ ಬರ್ನ್ ಆಗೋದೂ ಅಲ್ಲಿಂದಾನೇ, ಲಿಂಕ್ ಓಪನ್ ಆಗೋದೂ ಅಲ್ಲಿಂದಾನೇ. ಪ್ಯಾಕ್ಸಲ್ಲಿ ಇಲ್ಲದ್ದು ಲಿಂಕಲ್ಲಿ ಹೆಂಗೆ ಬರುತ್ತೆ ಹೇಳಿ.

ಕಾಫಿ ತೋಟ ಸರ್ವರ್
3D ಸ್ಲೈಸರ್ ಸಾಫ್ಟ್‌ವೇರ್‌ನಲ್ಲಿ ಹಾಕಿ 1 ಮಿಮೀಗೆ ರೀಸ್ಯಾಂಪಲ್ ಮಾಡಿ ಕಳಿಸಿದ್ರೆ ಆಯ್ತಲ್ಲ? ನಾನು ಮನೇಲಿ ರಾಸ್ಪ್‌ಬೆರಿ ಪೈ ಮೇಲೆ ಆರ್ಥಾಂಕ್ ಅನ್ನೋ ಡೈಕಾಮ್ ಸರ್ವರ್ ಹಾಕಿದೀನಿ, ಎಸ್‌ಎಸ್‌ಡಿ ಬೇರೆ, ಓಎಚ್‌ಐಎಫ್ ವ್ಯೂವರ್ ಬೇರೆ, ನಮ್ಮನೆಯವರ ಎಲ್ಲಾ ಸ್ಕ್ಯಾನೂ ಅದರಲ್ಲೇ ಇದೆ, ಡಾಕ್ಟರಿಗೆ ಬ್ರೌಸರ್‌ನಲ್ಲೇ ತೋರಿಸ್ತೀನಿ. ಬೇಕಿದ್ರೆ ಕಾನ್ಫಿಗ್ ಹಾಕ್ತೀನಿ.

ಸಿಟಿ ರೂಮ್ ದಾವಣಗೆರೆ
ರೀಸ್ಯಾಂಪಲ್ ಮಾಡಿದ್ರೆ ಸಾಫ್ಟ್‌ವೇರು ಎರಡು ಸ್ಲೈಸ್ ಮಧ್ಯೆ ಅಂದಾಜು ಹಾಕಿ ತುಂಬುತ್ತೆ ಅಷ್ಟೇ, ಹೊಸ ಮಾಹಿತಿ ಬರಲ್ಲ. ಅದನ್ನ ಥಿನ್ ಕಟ್ಸ್ ಅಂತ ಕಳಿಸೋದು ಅಪಾಯ, ಡಾಕ್ಟ್ರು ಅದರ ಮೇಲೆ ಅಳತೆ ತಗೊಂಡ್ರೆ ಏನು ಗತಿ.

ಸುಮಾ ಮೈಸೂರು
ಆ ಸರ್ವರ್ ಇಂಟರ್ನೆಟ್‌ಗೆ ತೆರೆದಿಟ್ಟಿದೀರಾ? ಪಾಸ್‌ವರ್ಡ್ ಇದೆ ತಾನೇ?

ಕಾಫಿ ತೋಟ ಸರ್ವರ್
ವೀಪಿಎನ್ ಒಳಗಿದೆ ಮೇಡಂ. ಡಾಕ್ಟರಿಗೆ ಬೇರೆ ಲಾಗಿನ್ ಕೊಡ್ತೀನಿ.

ಧಾರವಾಡದಂವ
ಅಂದ್ರ ಸ್ಕ್ಯಾನ್ ಮತ್ತ ಮಾಡಿಸಬೇಕೇನ್ರಿ? ಅಪ್ಪಾರಿಗೆ ಅಷ್ಟ ದೂರ ಕರಕೊಂಡ ಹೋಗೋದು ಭಾಳ ತ್ರಾಸು.

ಸಿಟಿ ರೂಮ್ ದಾವಣಗೆರೆ
ಈಗಲೇ ಬೇಡ. ನಾಳೆ ಬೆಳಿಗ್ಗೇನೇ ಸೆಂಟರ್‌ಗೆ ಹೋಗಿ, ರಿಸೆಪ್ಷನಲ್ಲಿ ಕೇಳಿದ್ರೆ ಅದೇ ಸಿಡಿ ಇನ್ನೊಂದು ಕೊಡ್ತಾರೆ, ಸೀದಾ ಸಿಟಿ ಟೆಕ್ನೀಷಿಯನ್ ಹತ್ರ ಮಾತಾಡಿ. "ಲಂಗ್ ಥಿನ್ ಸೀರೀಸ್, 1.5 ಮಿಮೀ ಒಳಗೆ, ಡೈಕಾಮ್‌ನಲ್ಲೇ ಬೇಕು" ಅಂತ ಹೇಳಿ, ಐಡಿ ನಂಬರ್ ಕೊಡಿ. ಸಣ್ಣ ಸೀರೀಸ್ ಮಷೀನ್ ಕನ್ಸೋಲಲ್ಲಿ ಇದ್ರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ರೂ ಇಮೇಜ್ ಮಾಡೋ ಮೊದಲಿನ ರಾ ಡೇಟಾ ಉಳಿದಿದ್ರೆ ಮತ್ತೆ ತೆಗೀಬಹುದು. ಆದ್ರೆ ಕನ್ಸೋಲ್ ಡಿಸ್ಕ್ ತುಂಬ್ತಿದ್ದಂಗೆ ಹಳೇದು ಅಳಿಸ್ತಾ ಹೋಗುತ್ತೆ, ರಾ ಡೇಟಾ ಎಲ್ಲಕ್ಕಿಂತ ಮೊದಲು ಹೋಗೋದು, ಅದಕ್ಕೇ ತಡ ಮಾಡಬೇಡಿ ಅಂತಿರೋದು.

ಪಿಕ್ಸೆಲ್ ಪ್ರಸಾದ್
ಸರಿ, ಲಾಸ್‌ಲೆಸ್ ಒಪ್ಕೋತೀನಿ. ಆದ್ರೆ ಲಿಂಕಲ್ಲಿ ಬ್ರೌಸರ್‌ಗೆ ಬರೋದು ಜೆಪೆಗ್ಗೇ, ಅಷ್ಟಂತೂ ನಿಜ.

ಸಿಟಿ ರೂಮ್ ದಾವಣಗೆರೆ
ಎಷ್ಟೋ ವ್ಯೂವರ್ ಹಾಗೇ ಮಾಡ್ತವೆ, ಬೇಗ ಲೋಡ್ ಆಗಲಿ ಅಂತ. ಕೆಲವು ಪೂರ್ತಿ ಡೇಟಾ ಕಳಿಸ್ತವೆ. ಲಿಂಕಲ್ಲಿ ಡೈಕಾಮ್ ಡೌನ್‌ಲೋಡ್ ಅಂತ ಬಟನ್ ಇದ್ರೆ ಡಾಕ್ಟ್ರು ಅದನ್ನೇ ಇಳಿಸ್ಕೊಂಡು ತಮ್ಮ ವ್ಯೂವರಲ್ಲಿ ನೋಡೋದು ಒಳ್ಳೇದು.

ಧಾರವಾಡದಂವ
ಸಿಕ್ತು! ಟೆಕ್ನೀಷಿಯನ್ ಛಲೋ ಮನಷ್ಯಾ, ಕನ್ಸೋಲಿನ್ಯಾಗ ಇನ್ನೂ ಇತ್ತು. ಹೊಸ ಸಿಡಿಯೊಳಗ SliceThickness 1.25 ತೋರಸ್ತೈತಿ, 280 ಇಮೇಜ್ ಅದಾವ. ಬ್ಯಾರೆ ಫೋಲ್ಡರ್ ಮಾಡಿ, ಜಿಪ್ ಮಾಡಿ, ಡಾಕ್ಟ್ರ ಇಮೇಲ್‌ಗೆ ಮಾತ್ರ ಪರ್ಮಿಷನ್ ಕೊಟ್ಟು ಕಳಿಸೀನಿ. ಅಸಿಸ್ಟಂಟು "ಓಪನ್ ಆಯ್ತು, ಇದೇ ಬೇಕಿತ್ತು" ಅಂದ್ರು. ನಿಮಗ ಭಾಳ ಉಪಕಾರ ಆತು ರೀ. ಈಗ ಮತ್ತೊಂದು ಕೇಳ್ಯಾರ, ಗಂಟು ಬೆಳದೈತೋ ಇಲ್ಲೋ ನೋಡಾಕ 2022ರ ಸ್ಕ್ಯಾನೂ ಬೇಕಂತ. ಅದು ಬ್ಯಾರೆ ಊರಾಗ ಮಾಡಿಸಿದ್ದು, ಮನ್ಯಾಗ ಫಿಲ್ಮ್ ಅಷ್ಟ ಐತಿ. ಅದನ್ನ ಲೈಟಿಗೆ ಹಿಡದು ಫೋಟೊ ತಗದು ಕಳಿಸಿದ್ರ ನಡೀತೈತೇನ್ರಿ?

ಸುಮಾ ಮೈಸೂರು
ನಾವು ಮಂಡಿದು ಹಾಗೇ ಕಳಿಸಿದ್ವಿ, ಡಾಕ್ಟ್ರು ನೋಡಿದ್ರಪ್ಪ.

ಸಿಟಿ ರೂಮ್ ದಾವಣಗೆರೆ
ಮಂಡಿ ವಿಷಯ ಬೇರೆ ಮೇಡಂ, ಇಲ್ಲಿ ಒಂದೆರಡು ಮಿಮೀ ಬೆಳೆದಿದೆಯಾ ಅಂತ ಅಳೀಬೇಕು, ಫೋಟೋದಲ್ಲಿ ಅಳತೆ ಹಿಡಿಯೋಕೆ ಆಗಲ್ಲ. ಏನೂ ಇಲ್ಲದಿದ್ರೆ ಫಿಲ್ಮನ್ನೇ ಕೊರಿಯರ್ ಮಾಡಿ. ಅದಕ್ಕೂ ಮೊದಲು ಆ ಹಳೇ ಸೆಂಟರ್‌ಗೆ ಫೋನ್ ಮಾಡಿ, ಫಿಲ್ಮ್ ಮೂಲೇಲಿ ಐಡಿ ನಂಬರ್ ಪ್ರಿಂಟ್ ಆಗಿರುತ್ತೆ, ಅದನ್ನ ಹೇಳಿ ಪ್ಯಾಕ್ಸಲ್ಲಿ ಇದೆಯಾ ನೋಡಿಸಿ. ಅಲ್ಲಿ 5 ಮಿಮೀ ಮಾತ್ರ ಸಿಕ್ಕರೂ ತಗೊಳ್ಳಿ.

ಧಾರವಾಡದಂವ
ಫೋನ್ ಹಚ್ಚೀನ್ರಿ, ಯಾರೂ ಎತ್ತವಲ್ರು. ಸೋಮವಾರ ಮತ್ತ ಹಚ್ಚಿ ನೋಡ್ತೀನಿ.