ಎಫ್ ಕೀ ಕಿತ್ತು ಬಂದಿದೆ, ಒಂದೇ ಒಂದು ಕೀ ಹಾಕ್ಸೋಕಾಗಲ್ವಾ? (ಒಳಗಿನ ಕ್ಲಿಪ್ ಮುರಿದಿದೆ)

ಡಿಟಿಪಿ_ದಾವಣಗೆರೆ
ಎಲ್ರಿಗೂ ನಮಸ್ಕಾರ. ಮಗ ಆಟ ಆಡ್ತಾ ಲ್ಯಾಪ್‌ಟಾಪಿನ ಎಫ್ ಕೀ ಕಿತ್ಹಾಕಿದಾನೆ. ಬೇರೆ ಕೀ ಆಗಿದ್ರೆ ಹೆಂಗೋ ಸುಧಾರಿಸ್ತಿದ್ದೆ, ಆದ್ರೆ ನಾನು ನುಡಿಲಿ ಟೈಪ್ ಮಾಡೋದು, ಎಫ್ ಇಲ್ಲ ಅಂದ್ರೆ ಒತ್ತಕ್ಷರನೇ ಇಲ್ಲ, ಒಂದು ಲಗ್ನಪತ್ರಿಕೆನೂ ಮುಗ್ಸೋಕಾಗ್ತಿಲ್ಲ. ಮೇಲಿನ ಕ್ಯಾಪ್ ಚೆನ್ನಾಗೇ ಇದೆ. ಕೆಳಗೆ ಕತ್ತರಿ ಥರ ಎರಡು ಬಿಳಿ ಪ್ಲಾಸ್ಟಿಕ್ ಫ್ರೇಮ್ ಇದಾವಲ್ಲ, ಅದ್ರಲ್ಲಿ ಚಿಕ್ಕದರ ಒಂದು ಮೂಲೆ ಮುರಿದಿದೆ. ರಬ್ಬರ್ ಗುಬುಟು ಅಲ್ಲೇ ಅಂಟ್ಕೊಂಡಿದೆ. ಅಂಗಡಿಯವ್ರು ಪೂರ್ತಿ ಕೀಬೋರ್ಡ್ ಬದಲಾಯ್ಸಬೇಕು ಅಂತಿದಾರೆ. ಏನ್ ಮಾಡ್ಲಿ?

ಗುರು_ಬೆಂಗ್ಳೂರು
ಮೇಡಂ ಇದಕ್ಕೆಲ್ಲಾ ಯಾಕೆ ಕೀಬೋರ್ಡ್ ಬದಲಾಯ್ಸೋದು, ಮುರಿದಿರೋ ಜಾಗಕ್ಕೆ ಒಂದು ಹನಿ ಫೆವಿಕ್ವಿಕ್ ಬಿಡಿ ಸಾಕು. ನಾನು ಒಂದ್ಸಲ ರಬ್ಬರ್ ಕಿತ್ ಬಂದಿದ್ದಾಗ ಹಂಗೇ ಅಂಟಿಸ್ಕೊಂಡೆ, ಇವತ್ತಿಗೂ ಓಡ್ತಿದೆ.

ರಿಪೇರಿ_ಹುಬ್ಬಳ್ಳಿ
ಗುರುಗಳ, ರಬ್ಬರ್ ಅಂಟಿಸೋದ್ ಬ್ಯಾರೆ, ಕ್ಲಿಪ್ ಅಂಟಿಸೋದ್ ಬ್ಯಾರೆ. ರಬ್ಬರಿನ ಅಂಚಿಗೆ ಸೂಜಿ ಮೊನಿಲೆ ಚೂರು ಹಚ್ಚಿದ್ರ ನಡೀತದ, ಒಪ್ತೀನಿ. ಕ್ಲಿಪ್ಪಿನ ಪ್ಲಾಸ್ಟಿಕ್ ಜಾರೋ ಜಾತಿ, ಅದಕ್ಕ ಫೆವಿಕ್ವಿಕ್ ಹಿಡಿಯೂದ ಇಲ್ಲ. ಅದೂ ಅಲ್ಲದ ಅದು ನೀರಿನಂಗ ಹರದು ಎರಡೂ ಫ್ರೇಮ್ ಕೂಡೋ ಕೀಲಿನಾಗ ಹೋಗಿ ಕುಂತ್ರ ಮುಗೀತು, ಕತ್ತರಿ ತೆರ್‍ಯೂದೂ ಇಲ್ಲ ಮುಚ್ಚೂದೂ ಇಲ್ಲ. ಇನ್ನ ಕೆಳಗ ಮೆಂಬ್ರೇನ್ ಶೀಟಿಗೆ ಬಿದ್ರ ದೇವ್ರ ಗತಿ.

ಮೇಡಮ್ಮಾರ, ಮೊದ್ಲ ಒಂದು ನೋಡ್ರಿ. ನೋಟ್‌ಪ್ಯಾಡ್ ತಗದು, ಕ್ಯಾಪ್ ಇಲ್ದನ, ಪೆನ್ಸಿಲ್ ಹಿಂದಿನ ರಬ್ಬರ್‌ಲೆ ಆ ಗುಬುಟಿನ ನಡುವ ನೆಟ್ಟಗ ಒತ್ರಿ. ಒತ್ತಿದಾಗೆಲ್ಲ ಒಂದ ಒಂದು ಅಕ್ಷರ ಬಂದ್ರ ಮೆಂಬ್ರೇನ್ ಚಲೋ ಅದ. ಬರ್‍ಲಿಲ್ಲಂದ್ರ, ಇಲ್ಲಾ ಒಂದ ಸಲಕ್ಕ ಎರಡೆರಡು ಬಂದ್ರ, ಕ್ಲಿಪ್ ಹಾಕಿ ಉಪಯೋಗ ಇಲ್ಲ. ಆಮ್ಯಾಲೆ ಗುಬುಟಿನ ಸುತ್ತ ಲೋಹದ ತಗಡಿನಾಗ ಸಣ್ಣ ಸಣ್ಣ ಕೊಕ್ಕಿ ಇರ್ತಾವ, ಅವು ಎಲ್ಲಾ ಅದಾವೇನು, ಬಾಗ್ಯಾವೇನು, ಟಾರ್ಚ್ ಹಿಡದು ನೋಡ್ರಿ.

ಕಾಫಿನಾಡು_77
ನಂದೂ ಸೇಮ್ ಪ್ರಾಬ್ಲಮ್! ಕಾಫಿ ಚೆಲ್ಲಿದ ಮೇಲೆ ಜಿ, ಹೆಚ್, ಬ್ಯಾಕ್‌ಸ್ಪೇಸ್ ವರ್ಕ್ ಆಗ್ತಿಲ್ಲ, ಎಲ್ಲಾ ಕೀ ತೆಗೆದು ತೊಳೆದು ಒಣಗಿಸಿ ಹಾಕ್ದೆ, ಆದ್ರೂ ಬರ್ತಿಲ್ಲ. ಮೂರು ಕ್ಲಿಪ್ ತರ್ಸಬೇಕಾ?

ರಿಪೇರಿ_ಹುಬ್ಬಳ್ಳಿ
ನಿಮ್ದು ಸೇಮ್ ಅಲ್ರಿ. ನಿಮ್ಮ ಕ್ಲಿಪ್ ಎಲ್ಲಾ ನೆಟ್ಟಗ ಅದಾವ, ಶೀಟಿನ ಒಳಗಿನ ಗೆರಿ ಹೋಗ್ಯಾವ. ಅದಕ್ಕ ಕೀಬೋರ್ಡ್ ಬದಲ ಮಾಡೂದ ದಾರಿ.

ಡಿಟಿಪಿ_ದಾವಣಗೆರೆ
ಪೆನ್ಸಿಲಲ್ಲಿ ಒತ್ತಿದ್ರೆ ಎಫ್ ಕರೆಕ್ಟಾಗಿ ಬರ್ತಿದೆ ಸರ್. ಕೊಕ್ಕೆ ನಾಲ್ಕೂ ಇದಾವೆ, ಬಲಗಡೆದು ಒಂದು ಸ್ವಲ್ಪ ಮೇಲಕ್ಕೆ ಎದ್ದಿರೋ ಹಂಗಿದೆ. ಆನ್‌ಲೈನಲ್ಲಿ ನಮ್ಮ ಮಾಡೆಲ್ ನಂಬರ್ ಹಾಕಿ ನೋಡಿದ್ರೆ ಮೂರು ಥರ ಕ್ಲಿಪ್ ತೋರಿಸ್ತಿದೆ, ಯಾವ್ದು ತಗೊಳ್ಳೋದು?

ಸ್ಪೇರ್_ಪಾರ್ಟ್ಸ್_ಎಸ್ಪಿರೋಡ್
ಮಾಡೆಲ್ ನಂಬರ್ ನಂಬ್ಕೊಂಡು ತಗೋಬೇಡಿ. ಒಂದೇ ಮಾಡೆಲ್ಲಿಗೆ ಬೇರೆ ಬೇರೆ ಕಂಪನಿ ಕೀಬೋರ್ಡ್ ಹಾಕಿರ್ತಾರೆ, ಒಂದರ ಕ್ಲಿಪ್ ಇನ್ನೊಂದಕ್ಕೆ ಕೂರಲ್ಲ. ಚೆನ್ನಾಗಿರೋ ಅಕ್ಷರದ ಕೀ ಕ್ಲಿಪ್ಪು ಮತ್ತೆ ಕೆಳಗಿನ ಕೊಕ್ಕೆ ಎರಡರ ಫೋಟೋನೂ ನೆಟ್ಟಗೆ ಮೇಲಿಂದ ತೆಗೀರಿ, ಮಾರೋರ ಫೋಟೋ ಜೊತೆ ಇಟ್ಟು ನೋಡಿ. ಕೊಕ್ಕೆ ಎಲ್ಲಿದೆ, ಯಾವ ಕಡೆ ಬಾಯಿ ತೆರೆದಿದೆ ಅನ್ನೋದೇ ಮುಖ್ಯ, ಕ್ಲಿಪ್ಪಿನ ಬಣ್ಣ ಅಲ್ಲ. ನಮ್ಮತ್ರ ಬಂದ್ರೂ ನಾವು ಹಳೇ ಕೀಬೋರ್ಡಿಂದ ಹಂಗೇ ಹುಡುಕಿ ಕೊಡೋದು.

ಮಲ್ನಾಡ್_ಹುಡುಗ
ಬರೋವರೆಗೂ ಜೆಡ್ ಕೀದು ತೆಗೆದು ಎಫ್‌ಗೆ ಹಾಕ್ಕೊಳ್ಳಿ ಅಕ್ಕ. ನುಡಿಲಿ ಜೆಡ್ ಒತ್ತಿದ್ರೆ ಬರೋದು ಞ, ಙ ತಾನೆ, ಅದನ್ನ ಯಾರು ಬರೀತಾರೆ.

ಡಿಟಿಪಿ_ದಾವಣಗೆರೆ
ಕಂಟ್ರೋಲ್ ಜೆಡ್ ಇಲ್ದೆ ಡಿಟಿಪಿ ಮಾಡೋದಾ ತಮ್ಮಾ 😄 ಮತ್ತೆ ಜ್ಞಾನೇಶ್ವರಿ ಅಂತ ಹೆಸರಿರೋ ಮದುಮಗಳ ಪತ್ರಿಕೆ ಬಂದ್ರೆ?

ರಿಪೇರಿ_ಹುಬ್ಬಳ್ಳಿ
ಪಿ ಬಾಜೂಕಿನ ಚೌಕ ಬ್ರಾಕೆಟ್ ಕೀ ತಗೋರಿ. ಅಳತಿ ಅಕ್ಷರದ ಕೀದ ಇರ್ತದ, ಬಳಕಿ ಕಡಿಮಿ. ಬಾಣದ ಗುರ್ತಿನ ಕೀ, ಮ್ಯಾಲಿನ ಎಫ್ ಒನ್ ಸಾಲಿಂದು ಮುಟ್ಟಬ್ಯಾಡ್ರಿ, ಅವು ಗಿಡ್ಡ, ಅವುಗಳ ಕ್ಲಿಪ್ ಬ್ಯಾರೆ. ಶಿಫ್ಟ್, ಎಂಟರ್, ಸ್ಪೇಸ್ ಕೆಳಗ ತಂತಿ ಇರ್ತದ, ಅದರ ಸಹವಾಸನೂ ಬ್ಯಾಡ.

ಈಗ ಕೈಯಾಗಿರೋ ಎಫ್ ಕ್ಯಾಪ್ ಬೋರಲು ಹಾಕ್ರಿ. ಒಂದ್ ಕಡಿ ಚಿಮಟಿಗಿ ಹಂಗ ಕಚ್ಕೊಳ್ಳೋ ಬಾಯಿ, ಇನ್ನೊಂದ್ ಕಡಿ ಬರೇ ಜಾರಿಸಿ ಸೇರಿಸೋ ಕೊಕ್ಕಿ ಕಾಣ್ತಾವ. ಯಾವ ಕಡಿ ಕಚ್ಚೋ ಬಾಯಿ ಅದನೋ, ಬ್ರಾಕೆಟ್ ಕೀಗೂ ಅದ ಕಡಿಯಿಂದ ಎತ್ತಬೇಕು. ಲ್ಯಾಪ್‌ಟಾಪ್ ಬಂದ್ ಮಾಡಿ, ಹಳೇ ಎಟಿಎಂ ಕಾರ್ಡಿನ ಮೂಲಿ ಒಳಗ ತೂರ್ಸಿ, ಟಕ್ ಅಂದ ಮ್ಯಾಲೆ ಮತ್ತ ಎತ್ತಬ್ಯಾಡ್ರಿ, ಇನ್ನೊಂದ್ ಕಡಿಗೆ ಜಾರಿಸಿ ಬಿಡಿಸ್ರಿ. ಜಾರೋ ಕಡಿಯಿಂದ ಎತ್ತಿದವ್ರದ ಎಲ್ಲಾ ಮುರಿಯೂದು. ಸ್ಕ್ರೂಡ್ರೈವರ್ ಬ್ಯಾಡ, ಜಾರಿದ್ರ ಗುಬುಟಿಗೆ ಇಲ್ಲಾ ಶೀಟಿಗೆ ಚುಚ್ತದ.

ಕ್ಲಿಪ್ ತಗ್ಯೂವಾಗ ಮ್ಯಾಲಕ್ಕ ಜಗ್ಗಬ್ಯಾಡ್ರಿ. ಫ್ರೇಮಿನ ಒಂದ್ ಬಾಜೂ ಉಗುರಿಲೆ ಚೂರು ಒಳಗ ಬಾಗಿಸಿದ್ರ ಅದರ ಮೂತಿ ಕೊಕ್ಕಿಯಿಂದ ಹೊರಗ ಬರ್ತದ, ಉಳಿದದ್ದು ಜಾರಿಸಿದ್ರ ಬರ್ತದ. ಎರಡೂ ಫ್ರೇಮ್ ಒಂದಕ್ಕೊಂದು ಸೇರಿದ್ದ ಹಂಗ ಇರ್‍ಲಿ, ಬಿಡಿಸಬ್ಯಾಡ್ರಿ. ಯಾವ ಬಾಜೂ ಮ್ಯಾಲಿತ್ತು, ಫೋಟೋ ಹೊಡ್ಕೋರಿ. ಎದ್ದಿರೋ ಕೊಕ್ಕಿ ಮರದ ಟೂತ್‌ಪಿಕ್‌ಲೆ ಒಂದ ಸಲ ಮೆತ್ತಗ ಒತ್ರಿ. ಅತ್ತಾಗ ಇತ್ತಾಗ ಬಾಗಿಸ್ಕೋತ ಕುಂತ್ರ ಮುರೀತದ, ಅದು ಮುರದ್ರ ಅಂಗಡಿಯವ್ರು ಹೇಳಿದ್ದ ಖರೆ ಆಗ್ತದ.

ಹಾಕೂವಾಗ ಜಾರೋ ಕಡಿ ಮೊದ್ಲ ಕೊಕ್ಕಿಯೊಳಗ ತೂರ್ಸಿ, ಆಮ್ಯಾಲೆ ಇನ್ನೊಂದ್ ಬಾಜೂ. ಕ್ಯಾಪ್ ಹಾಕೂಕಿಂತ ಮೊದ್ಲ ಕ್ಲಿಪ್ ಬೆರಳಿಲೆ ಒತ್ರಿ. ತಗಡಿಗೆ ಚಪ್ಪಟ ಕುಂತು, ಬಿಟ್ಟ ತಕ್ಷಣ ಗುಬುಟು ಅದನ್ನ ಮ್ಯಾಲ ಎತ್ತಬೇಕು. ಕುಂದ್ರಲಿಲ್ಲಂದ್ರ ತಲಿ ಕೆಳಗ ಹಾಕೀರಿ ಅಂತ ತಿಳ್ಕೋರಿ, ಜೋರ್ ಮಾಡಬ್ಯಾಡ್ರಿ. ಸರಿ ಇದ್ರ ಕ್ಯಾಪಿನ ಜಾರೋ ಕಡಿ ಸೇರ್ಸಿ ಕಚ್ಚೋ ಕಡಿ ಒತ್ರಿ.

ಡಿಟಿಪಿ_ದಾವಣಗೆರೆ
ಕೂತ್ಕೊಳ್ತು ಸರ್!! ಮೊದಲ್ನೇ ಸಲ ಕೀ ಒಂದು ಮೂಲೆ ಎತ್ತರ ನಿಂತಿತ್ತು, ತೆಗೆದು ನೋಡಿದ್ರೆ ಆ ಎದ್ದಿದ್ದ ಕೊಕ್ಕೆ ಒಳಗೆ ಮೂತಿ ಹೋಗೇ ಇರ್ಲಿಲ್ಲ, ಕೊಕ್ಕೆ ಮೇಲೇ ಕೂತಿತ್ತು. ಸರಿ ಮಾಡಿದೆ. ಈಗ ಒತ್ತಕ್ಷರ ಎಲ್ಲಾ ಬರ್ತಿದೆ, ಆದ್ರೆ ಬಲಗಡೆ ಒತ್ತಿದ್ರೆ ಸ್ವಲ್ಪ ಅಲ್ಲಾಡತ್ತೆ. ಹಂಗೇ ಇರ್ಲಾ?

ರಿಪೇರಿ_ಹುಬ್ಬಳ್ಳಿ
ಅಂಚಿಗೆ ಒತ್ತಿದ್ರೂ ಅಕ್ಷರ ಬರ್ತದಂದ್ರ ಇರ್‍ಲಿ ಬಿಡ್ರಿ. ಆ ಕೊಕ್ಕಿ ಒಮ್ಮೆ ಬಾಗೇದ, ಮತ್ತ ಮುಟ್ಟಬ್ಯಾಡ್ರಿ.

ಸ್ಪೇರ್_ಪಾರ್ಟ್ಸ್_ಎಸ್ಪಿರೋಡ್
ನಾನಾಗಿದ್ರೆ ಇನ್ನೊಂಚೂರು ಒತ್ತಿ ಟೈಟ್ ಮಾಡ್ತಿದ್ದೆ. ದಿನಾ ಒತ್ತೋ ಕೀ ಅಲ್ಲಾಡ್ತಾ ಇದ್ರೆ ಹಾಕಿರೋ ಕ್ಲಿಪ್ಪೂ ಸವೆದು ಹೋಗತ್ತೆ.

ರಿಪೇರಿ_ಹುಬ್ಬಳ್ಳಿ
ಕ್ಲಿಪ್ ಸವದ್ರ ಬ್ಯಾರೆ ಸಿಗ್ತದ, ಕೊಕ್ಕಿ ಎಲ್ಲಿಂದ ತರ್ತೀರಿ?

ಗುರು_ಬೆಂಗ್ಳೂರು
ಬ್ರಾಕೆಟ್ ಕೀ ಜಾಗ ಖಾಲಿ ಬಿಟ್ಟಿದೀರಾ ಮೇಡಂ? ಹೊಸ ಕ್ಲಿಪ್ ಬರೋವರೆಗೂ ಮೇಲೊಂದು ಸೆಲೋಟೇಪ್ ಹಾಕಿ, ಧೂಳು ಕೂರತ್ತೆ.

ಡಿಟಿಪಿ_ದಾವಣಗೆರೆ
ಟೇಪಿನ ಅಂಟು ಗುಬುಟಿಗೆ ಹಿಡ್ಕೊಂಡು ಅದೂ ಕಿತ್ಕೊಂಡ್ ಬಂದ್ರೆ? ಒಂದು ಪೇಪರ್ ಚೂರು ಅಡ್ಡ ಇಟ್ಟು ಅದರ ಮೇಲೆ ಹಾಕ್ತೀನಿ. ಕ್ಲಿಪ್ ಫೋಟೋ ಮಾರೋರಿಗೆ ಕಳ್ಸಿದೀನಿ, ಇನ್ನೂ ಉತ್ತರ ಇಲ್ಲ.