ಮ್ಯೂಟ್ ಮಾಡಿದ ಗ್ರೂಪ್, ಆದರೂ ರಾತ್ರಿ ಸದ್ದು

ಪ್ರಶ್ನೆ: ಆಫೀಸಿನ ವಾಟ್ಸಾಪ್ ಗ್ರೂಪನ್ನು ಮ್ಯೂಟ್ ಮಾಡಿದ್ದೇನೆ. ಆದರೂ ರಾತ್ರಿ ಟಿಂಗ್ ಟಿಂಗ್ ನಿಂತಿಲ್ಲ. ಪೂರ್ತಿ ಸೈಲೆಂಟ್ ಮಾಡಿ ಮಲಗಲು ಧೈರ್ಯವಿಲ್ಲ. ಅಪ್ಪ ಒಬ್ಬರೇ ಬೇರೆ ಮನೆಯಲ್ಲಿದ್ದಾರೆ, ಅವರ ಕಾಲ್ ಕೇಳಿಸಲೇಬೇಕು. ಆಂಡ್ರಾಯ್ಡ್ ಫೋನ್. ಕೆಲಸದ ಟಾಸ್ಕ್ ಆ್ಯಪ್, ಇಮೇಲ್ ಎರಡೂ ಇದರಲ್ಲೇ ಇವೆ. ಎಲ್ಲಿಂದ ಶುರು ಮಾಡಲಿ?

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು:

ಮೊದಲು ಸದ್ದು ಯಾರದ್ದು ಅಂತ ಹಿಡಿಯಿರಿ. ಇಂಥ ಪ್ರಶ್ನೆ ತರುವವರಲ್ಲಿ ಹೆಚ್ಚಿನವರು ಗ್ರೂಪನ್ನೇ ಬೈಯುತ್ತಾರೆ, ನೋಡಿದರೆ ಸದ್ದು ಬೇರೆ ಕಡೆಯಿಂದ ಬರುತ್ತಿರುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ Settings ಒಳಗೆ Notifications, ಅದರೊಳಗೆ Notification history ಅಂತ ಇದೆ. ಕೆಲವು ಫೋನ್‌ಗಳಲ್ಲಿ ಅದು Advanced settings ಒಳಗೆ ಅಡಗಿರುತ್ತದೆ. ಸಾಮಾನ್ಯವಾಗಿ ಅದು ಆಫ್ ಇರುತ್ತದೆ, ಆನ್ ಮಾಡಿದ ಮೇಲೆ ಬಂದದ್ದು ಮಾತ್ರ ಅಲ್ಲಿ ಸೇರುತ್ತದೆ. ಹಾಗಾಗಿ ಇವತ್ತು ಮಲಗುವ ಮುಂಚೆ ಆನ್ ಮಾಡಿ, ಬೆಳಿಗ್ಗೆ ಎದ್ದು ನೋಡಿ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಏನು ತಂದಿತು ಅಂತ ಅಲ್ಲಿ ಸಿಗುತ್ತದೆ.

ಅದು ವಾಟ್ಸಾಪ್ ಗ್ರೂಪೇ ಆಗಿದ್ದರೂ ಆಶ್ಚರ್ಯವಿಲ್ಲ. ಮ್ಯೂಟ್ ಮಾಡಿದ ಗ್ರೂಪಿನಲ್ಲೂ ಯಾರಾದರೂ ನಿಮ್ಮ ಹೆಸರನ್ನು @ ಹಾಕಿ ಕರೆದರೆ, ಅಥವಾ ನಿಮ್ಮ ಮೆಸೇಜಿಗೇ ರಿಪ್ಲೈ ಕೊಟ್ಟರೆ ಸೂಚನೆ ಬರುತ್ತದೆ. ಅದು ದೋಷ ಅಲ್ಲ, ಬೇಕಂತಲೇ ಹಾಗೆ ಇಟ್ಟಿದ್ದಾರೆ. ಆರ್ಕೈವ್ ಮಾಡಿದರೂ ಇದೇ ಕಥೆ. ಇನ್ನೊಂದು ನೋಡಿ, ಮ್ಯೂಟ್ ಮಾಡುವಾಗ 8 ಗಂಟೆ ಅಥವಾ 1 ವಾರ ಆರಿಸಿದ್ದರೆ ಅದು ಸದ್ದಿಲ್ಲದೆ ಮುಗಿದುಹೋಗಿರುತ್ತದೆ. Always ಇದೆಯಾ ಅಂತ ಒಮ್ಮೆ ಕಣ್ಣು ಹಾಯಿಸಿ.

ಇನ್ನೊಬ್ಬರು: ಇಷ್ಟೆಲ್ಲ ಯಾಕೆ ಸರ್? ರಾತ್ರಿ ಬ್ಯಾಟರಿ ಸೇವರ್ ಹಾಕಿ. ಬ್ಯಾಕ್‌ಗ್ರೌಂಡ್ ನಿಂತರೆ ನೋಟಿಫಿಕೇಶನ್ ತಾನೇ ಬರಲ್ಲ. ನಾನು ಹಾಗೇ ಮಾಡುವುದು.

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು: ಕೆಲವು ಕಡಿಮೆಯಾಗುವುದು ನಿಜ. ಆದರೆ ಅದು ಬೇಕಾದದ್ದು ಬೇಡದ್ದು ಅಂತ ಬೇರ್ಪಡಿಸುವುದಿಲ್ಲ, ತಡ ಮಾಡುತ್ತದೆ ಅಷ್ಟೇ. ಚಾಟ್ ಆ್ಯಪ್‌ಗಳು ತುರ್ತು ಅಂತ ಗುರುತು ಹಾಕಿ ಕಳಿಸುವ ಮೆಸೇಜು ಬ್ಯಾಟರಿ ಸೇವರ್ ಇದ್ದರೂ ಬಂದೇ ಬರುತ್ತದೆ. ನಿಮಗೆ ಬೇಕಾಗಿದ್ದ ಯಾವುದೋ ರಿಮೈಂಡರ್ ಮಾತ್ರ ಬೆಳಿಗ್ಗೆ ಗುಂಪಾಗಿ ಬಂದು ಬೀಳುತ್ತದೆ. ಗಲಾಟೆ ಉಳಿಯಿತು, ಕೆಲಸದ್ದು ತಪ್ಪಿತು ಅಂತಾಗುತ್ತದೆ.

ಕೇಳಿದವರು: ಸರ್, ಬೆಳಿಗ್ಗೆ ನೋಡಿದೆ. ರಾತ್ರಿ ಬಂದ ಹನ್ನೊಂದರಲ್ಲಿ ಎರಡು ಮಾತ್ರ ವಾಟ್ಸಾಪಿನವು, ಎರಡೂ @ ಹಾಕಿದ್ದವು. ಉಳಿದದ್ದು ಟಾಸ್ಕ್ ಆ್ಯಪಿನದ್ದು. ಯಾರೋ ಕಾರ್ಡ್ ಸರಿಸಿದರು, ಯಾರೋ ಕಾಮೆಂಟಿಗೆ ಹೆಬ್ಬೆಟ್ಟು ಒತ್ತಿದರು, ನಾನು ಮೂರು ತಿಂಗಳ ಹಿಂದೆ ಒಂದು ಸಾಲು ಬರೆದಿದ್ದ ಟಾಸ್ಕಿಗೆ ಯಾರೋ ಫೈಲ್ ಸೇರಿಸಿದರು. ಅದೇ ಮತ್ತೆ ಇಮೇಲ್ ಆಗಿಯೂ ಬಂದಿದೆ!

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು:

ಆ ಮೂರು ತಿಂಗಳ ಹಿಂದಿನ ಒಂದು ಸಾಲಿನಲ್ಲೇ ಕಾರಣ ಇದೆ. ಇಂಥ ಆ್ಯಪ್‌ಗಳಲ್ಲಿ ಒಮ್ಮೆ ಕಾಮೆಂಟ್ ಬರೆದರೆ ಸಾಕು, ಆ ಟಾಸ್ಕಿನ ಹಿಂಬಾಲಕರ ಪಟ್ಟಿಗೆ ನಿಮ್ಮನ್ನು ತಾನಾಗಿಯೇ ಸೇರಿಸುತ್ತವೆ. ಆಮೇಲೆ ನಡೆಯುವ ಎಲ್ಲವೂ ನಿಮ್ಮ ಫೋನಿಗೆ. ಸಾಫ್ಟ್‌ವೇರ್ ಬರೆಯುವವರ ತಾಣವಾದ ಗಿಟ್‌ಹಬ್ ಬಳಸುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಒಂದು ಚರ್ಚೆಯಿಂದ Unsubscribe ಆದರೂ ಮತ್ತೆ ಕಾಮೆಂಟ್ ಬರೆದರೆ, ಅಥವಾ ಯಾರಾದರೂ @ ಹಾಕಿ ಕರೆದರೆ ವಾಪಸ್ ಪಟ್ಟಿಗೆ ಬರುತ್ತೀರಿ. ಅಂದರೆ ಥ್ರೆಡ್ ಮ್ಯೂಟ್ ಅನ್ನುವುದು ಯಾವಾಗಲೂ ಅರ್ಧ ಬಾಗಿಲು ಹಾಕಿದ ಹಾಗೆ. ನೀವೇ ಒಳಗೆ ಕಾಲಿಟ್ಟರೆ ಪೂರ್ತಿ ತೆರೆದುಕೊಳ್ಳುತ್ತದೆ.

ಹಾಗಾಗಿ ಎರಡು ಕಡೆ ಕೈ ಹಾಕಬೇಕು. ಮೊದಲನೆಯದು ಟಾಸ್ಕ್ ಆ್ಯಪಿನ ಒಳಗಿನ ಸೆಟ್ಟಿಂಗ್ಸ್. ಯಾವ ಘಟನೆಗೆ ಸೂಚನೆ ಬೇಕು ಅಂತ ಅಲ್ಲಿ ಉದ್ದ ಪಟ್ಟಿ ಇರುತ್ತದೆ. ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಇದು ನನಗೆ ಮೂರು ಗಂಟೆ ತಡವಾಗಿ ಗೊತ್ತಾದರೆ ಏನಾದರೂ ಕೆಡುತ್ತದಾ? ನಿಮ್ಮ ಪಟ್ಟಿಗೆ ಹಾಕಿದರೆ 'ನನಗೆ ಹೊಸ ಕೆಲಸ ವಹಿಸಿದಾಗ', 'ಯಾರಾದರೂ ನನ್ನ ಹೆಸರು ಕರೆದಾಗ', 'ಗಡುವು ಹತ್ತಿರ ಬಂದಾಗ', ಇವು ಮೂರು ಉಳಿಯುತ್ತವೆ. ಕಾರ್ಡ್ ಸರಿಸಿದ್ದು, ಹೆಬ್ಬೆಟ್ಟು, ಫೈಲ್ ಸೇರಿಸಿದ್ದು ಆ್ಯಪ್ ತೆರೆದಾಗ ಕಂಡರೆ ಸಾಕು. ಕಾಮೆಂಟ್ ಬರೆದ ತಕ್ಷಣ ಹಿಂಬಾಲಕ ಮಾಡುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಇಮೇಲ್ ಮತ್ತು ಫೋನ್ ಎರಡರಲ್ಲೂ ಟಿಕ್ ಇರುವ ಸಾಲು ಹುಡುಕಿ ಒಂದನ್ನು ತೆಗೆಯಿರಿ. ನನ್ನ ಲೆಕ್ಕದಲ್ಲಿ ಹೆಸರು ಕರೆದದ್ದು ಫೋನಿಗೆ ಸಾಕು, ಉಳಿದದ್ದು ದಿನಕ್ಕೊಂದು ಇಮೇಲ್ ಸಾರಾಂಶವಾಗಿ ಸಿಕ್ಕರೆ ಸಾಕು. ಆ ಸಾರಾಂಶ ಎಲ್ಲ ಆ್ಯಪ್‌ಗಳಲ್ಲೂ ಇರುವುದಿಲ್ಲ ಅನ್ನುವುದೂ ನಿಜ.

ಎರಡನೆಯದು ಫೋನಿನ ಕಡೆ. ಬಂದ ಸೂಚನೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ. ಆ ವಿಧದ ಸೂಚನೆಗೆ ಮಾತ್ರ Silent ಆರಿಸಬಹುದು. ಆಂಡ್ರಾಯ್ಡ್ 8ರಿಂದ ಆ್ಯಪ್‌ಗಳು ತಮ್ಮ ಸೂಚನೆಗಳನ್ನು ವಿಧವಿಧವಾಗಿ ಬೇರ್ಪಡಿಸಿ ಕಳಿಸಬೇಕು, ಒಮ್ಮೆ ನೀವು ಸದ್ದು ತೆಗೆದ ವಿಧಕ್ಕೆ ಆ್ಯಪ್ ಮತ್ತೆ ಸದ್ದು ಹಾಕಲು ಆಗುವುದಿಲ್ಲ. ಆದರೆ ಕೆಲವು ಆ್ಯಪ್ ಬರೆದವರು ಎಲ್ಲವನ್ನೂ ಒಂದೇ ವಿಧಕ್ಕೆ ತುಂಬಿರುತ್ತಾರೆ. ಅಲ್ಲಿ ಫೋನ್ ಕಡೆಯಿಂದ ಆರಿಸಲು ಏನೂ ಇರುವುದಿಲ್ಲ, ಆ್ಯಪಿನ ಒಳಗೇ ಕತ್ತರಿಸಬೇಕು.

ಒಬ್ಬ ಟೀಚರ್: ನನಗೂ ಇದೇ ತೊಂದರೆ, ಸರ್. ನಾನು ಎಲ್ಲ ಬಂದ್ ಮಾಡಿದೆ. ಈಗ ಮಕ್ಕಳ ಪೋಷಕರು ಕಾಲ್ ಮಾಡಿದರೂ ಫೋನ್ ರಿಂಗ್ ಆಗುತ್ತಿಲ್ಲ, ಹಗಲಲ್ಲೂ! ಐಫೋನ್. ವಾಲ್ಯೂಮ್ ಪೂರ್ತಿ ಇದೆ.

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು: ಮೇಡಂ, ನಿಮ್ಮದು ಉಲ್ಟಾ ತೊಂದರೆ. ಫೋನ್ ಮೇಲ್ಭಾಗದಲ್ಲಿ ಅರ್ಧಚಂದ್ರನ ಚಿಹ್ನೆ ಕಾಣುತ್ತಿದೆಯಾ? ಕಂಡರೆ Do Not Disturb ಆನ್ ಇದೆ. ಮನೆಯಲ್ಲಿ ಐಪ್ಯಾಡ್ ಇದ್ದು, Settings ಒಳಗಿನ Focus ನಲ್ಲಿ Share Across Devices ಆನ್ ಇದ್ದರೆ ಯಾರೋ ಐಪ್ಯಾಡಿನಲ್ಲಿ ಒತ್ತಿದ್ದು ನಿಮ್ಮ ಫೋನಿಗೂ ಬಂದಿರಬಹುದು.

ಒಬ್ಬ ಟೀಚರ್: ಚಂದ್ರ ಇರಲಿಲ್ಲ. ಬೇರೆ ಚಿಹ್ನೆಯೂ ಕಾಣಲಿಲ್ಲ. ಐಪ್ಯಾಡ್ ಇದೆ, ಮಗನ ಕೈಯಲ್ಲಿ.

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು: ಹಾಗಾದರೆ ಇದು ಫೋಕಸ್ ಅಲ್ಲದೇ ಇರಬಹುದು. ಗೊತ್ತಿಲ್ಲದ ನಂಬರ್ ಮೌನ ಮಾಡುವ ಸೆಟ್ಟಿಂಗ್ ಇದೆ, ಅದು ಆನ್ ಇದ್ದರೆ ಸೇವ್ ಮಾಡದ ಪೋಷಕರ ಕಾಲ್ ರಿಂಗ್ ಆಗದೆ ಮಿಸ್ಡ್ ಕಾಲ್ ಪಟ್ಟಿಗೆ ಹೋಗುತ್ತದೆ. ಸೇವ್ ಮಾಡಿದವರದ್ದು ರಿಂಗ್ ಆಗುತ್ತಾ, ಬೇರೆಯವರದ್ದು ಮಾತ್ರ ಆಗಲ್ಲವಾ? ಅದು ನೋಡಿ ಹೇಳಿ, ಪ್ರತ್ಯೇಕವಾಗಿ ಬರೆಯಿರಿ, ಇಲ್ಲಿ ಎರಡು ವಿಷಯ ಕಲಸಿಹೋಗುತ್ತದೆ.

ಕೇಳಿದವರು: ನನ್ನ ಟಾಸ್ಕ್ ಆ್ಯಪ್ ಸುಮ್ಮನಾಯಿತು. ಈಗ ಅಪ್ಪನ ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಲ್ಲ ಮೌನ ಇರಬೇಕು, ಅವರದ್ದು ಮಾತ್ರ ಬರಬೇಕು.

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು:

Do Not Disturb ಒಳಗೆ Schedules ಇದೆ, ಹೊಸ ಫೋನ್‌ಗಳಲ್ಲಿ ಇದು Modes ಅನ್ನುವ ಹೆಸರಿನ ಕೆಳಗೆ ಸಿಗಬಹುದು. ಅಲ್ಲಿ 10ರಿಂದ 6 ಹಾಕಿ. ದಿನ ಆರಿಸುವಾಗ ಜಾಗ್ರತೆ. ಆರಿಸುವ ದಿನ ರಾತ್ರಿ ಶುರುವಾಗುವ ದಿನ. ಸೋಮವಾರದಿಂದ ಶುಕ್ರವಾರ ಅಂತ ಹಾಕಿದರೆ ಭಾನುವಾರ ರಾತ್ರಿ ಮೌನ ಇರುವುದಿಲ್ಲ, ಸೋಮವಾರ ನಸುಕಿನಲ್ಲಿ ಸದ್ದಾಗುತ್ತದೆ. ಅಲಾರಂ ಅನುಮತಿ ಆನ್ ಇದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಬೆಳಿಗ್ಗೆ ಏಳುವುದೂ ಇಲ್ಲ.

ಕಾಲ್‌ಗೆ ಅನುಮತಿ ಕೊಡುವಲ್ಲಿ Starred contacts ಆರಿಸಿ, ಕಾಂಟ್ಯಾಕ್ಟ್ಸ್‌ನಲ್ಲಿ ಅಪ್ಪನಿಗೆ ನಕ್ಷತ್ರ ಹಾಕಿ. ಅವರ ಹತ್ತಿರ ಎರಡು ನಂಬರ್ ಇದ್ದರೆ ಎರಡೂ ಅದೇ ಕಾಂಟ್ಯಾಕ್ಟ್‌ನಲ್ಲಿ ಇರಲಿ. ಸೇವ್ ಮಾಡದ ಎರಡನೇ ನಂಬರಿಂದ ಬಂದರೆ ಫೋನಿಗೆ ಅವರು ಅಪರಿಚಿತರೇ. ಇದರ ಜೊತೆ Allow repeat callers ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಒಂದೇ ನಂಬರ್ 15 ನಿಮಿಷದೊಳಗೆ ಮತ್ತೆ ಕಾಲ್ ಮಾಡಿದರೆ ಎರಡನೆಯದು ರಿಂಗ್ ಆಗುತ್ತದೆ. ಅಪ್ಪನ ಪಕ್ಕದ ಮನೆಯವರು ಅವರ ಫೋನಿಂದ ಕರೆದರೆ ಇದೇ ಕಾಪಾಡುವುದು. ಐಫೋನ್‌ನಲ್ಲಿ ಇದೇ ಅವಧಿ 3 ನಿಮಿಷ ಮಾತ್ರ, ಅದನ್ನು ಅಪ್ಪನಿಗೂ ಹೇಳಿಟ್ಟಿರಬೇಕಾಗುತ್ತದೆ.

ಈಗ ಜನ ತಪ್ಪುವ ಜಾಗ. ಈ ಅನುಮತಿಯೆಲ್ಲ ರಿಂಗರ್ ಸದ್ದು ಇದ್ದರೆ ಮಾತ್ರ ಕೇಳಿಸುತ್ತದೆ. ರಿಂಗ್ ವಾಲ್ಯೂಮ್ ಸೊನ್ನೆ ಅಥವಾ ವೈಬ್ರೇಟ್ ಇದ್ದರೆ ಅಪ್ಪನ ಕಾಲೂ ಮೌನವೇ. ಅಂದರೆ ರಾತ್ರಿ ಫೋನನ್ನು ಸೈಲೆಂಟ್ ಮಾಡುವ ಹಳೆಯ ಅಭ್ಯಾಸ ಬಿಡಬೇಕು, ರಿಂಗರ್ ತೆರೆದಿಟ್ಟು ಶೆಡ್ಯೂಲ್ ಮೇಲೆ ನಂಬಿಕೆ ಇಡಬೇಕು. ಐಫೋನ್‌ನವರಿಗೆ ಒಂದು ಹೆಚ್ಚಿನ ಸೌಲಭ್ಯ ಇದೆ. ಕಾಂಟ್ಯಾಕ್ಟ್ ತಿದ್ದುವಾಗ Ringtone ಒಳಗೆ Emergency Bypass ಆನ್ ಮಾಡಿದರೆ ಸೈಲೆಂಟ್ ಇದ್ದರೂ ಆ ಒಬ್ಬರ ಕಾಲ್ ಸದ್ದು ಮಾಡುತ್ತದೆ.

ಇನ್ನೊಬ್ಬರು: ನಮ್ಮಪ್ಪ ವಾಟ್ಸಾಪ್ ಕಾಲೇ ಮಾಡೋದು, ಸಾದಾ ಕಾಲ್ ಮಾಡೋದೇ ಇಲ್ಲ. ಅದಕ್ಕೂ ಈ ನಕ್ಷತ್ರ ನಡೆಯುತ್ತಾ?

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು: ಅದು ಫೋನ್ ಮತ್ತು ಆ್ಯಪ್ ಎರಡರ ಮೇಲೂ ನಿಂತಿದೆ, ಎಲ್ಲ ಕಡೆ ಒಂದೇ ಉತ್ತರ ಕೊಟ್ಟರೆ ಸುಳ್ಳಾಗುತ್ತದೆ. ಸುಮ್ನೆ ಊಹಿಸಬೇಡಿ. ಹಗಲಲ್ಲೇ Do Not Disturb ಕೈಯಾರೆ ಆನ್ ಮಾಡಿ, ಸ್ಕ್ರೀನ್ ಆಫ್ ಮಾಡಿ ಫೋನ್ ಪಕ್ಕದ ಕೋಣೆಯಲ್ಲಿಡಿ. ಅಪ್ಪನಿಂದ ಒಮ್ಮೆ ಸಾದಾ ಕಾಲ್, ಒಮ್ಮೆ ವಾಟ್ಸಾಪ್ ಕಾಲ್ ಮಾಡಿಸಿ. ಎರಡನೆಯದು ಕೇಳಿಸದಿದ್ದರೆ ರಾತ್ರಿ ಸಾದಾ ಕಾಲ್ ಮಾಡಿ ಅಂತ ಅವರಿಗೆ ಹೇಳಿ. ಫೋನಿನ ಅಪ್‌ಡೇಟ್ ಬಂದ ಮೇಲೆ ಒಮ್ಮೆ ಮತ್ತೆ ಪರೀಕ್ಷಿಸಿ, ಸೆಟ್ಟಿಂಗ್ಸ್ ಜಾಗ ಬದಲಾಗಿರುವುದು ಉಂಟು.

ಕೇಳಿದವರು: ಪರೀಕ್ಷೆ ಮಾಡಿದೆ. ಸಾದಾ ಕಾಲ್ ಬಂತು, ವಾಟ್ಸಾಪ್ ಕಾಲ್ ಬರಲಿಲ್ಲ. ಅಪ್ಪನಿಗೆ ಹೇಳಿದ್ದೇನೆ. ಇನ್ನು ಆ ಎರಡು @ ಉಳಿದಿವೆ. ರಾತ್ರಿ ಹೋಗಲಿ, ಹಗಲಲ್ಲಿ ನಮ್ಮ ಮ್ಯಾನೇಜರ್ ಪ್ರತಿ ಮೆಸೇಜಿಗೂ ಎಲ್ಲರ ಹೆಸರು ಹಾಕುತ್ತಾರೆ.

ಮೊಬೈಲ್ ಸಪೋರ್ಟ್ ಕೆಲಸ ಮಾಡುವವರು: ಅದಕ್ಕೆ ಫೋನಿನಲ್ಲಿ ನಿಜವಾದ ಮದ್ದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಎಲ್ಲದಕ್ಕೂ @ ಹಾಕಿದರೆ ಯಾವುದು ಬೇಕಾದದ್ದು, ಯಾವುದು ಬೇಡದ್ದು ಅಂತ ಯಾವ ಸೆಟ್ಟಿಂಗಿಗೂ ಗೊತ್ತಾಗುವುದಿಲ್ಲ. ಆ ಗ್ರೂಪಿನ ಸೂಚನೆ ಮೇಲೆ ಬೆರಳು ಒತ್ತಿ ಹಿಡಿದು, ಆ ಮಾತುಕತೆಗೆ ಮಾತ್ರ Silent ಹಾಕಿದರೆ @ ಬಂದರೂ ಪಟ್ಟಿಯಲ್ಲಿ ಕೂತಿರುತ್ತದೆ, ಸದ್ದು ಮಾಡುವುದಿಲ್ಲ. ಆದರೆ ನಿಜಕ್ಕೂ ನಿಮ್ಮನ್ನೇ ಕರೆದ @ ಕೂಡ ಹಾಗೇ ಕೂತಿರುತ್ತದೆ. ತುರ್ತು ಇದ್ದರೆ ಕಾಲ್ ಮಾಡಿ ಅಂತ ಮ್ಯಾನೇಜರ್ ಹತ್ತಿರ ಮಾತಾಡಿಕೊಂಡಿದ್ದರೆ ಮಾತ್ರ ಇದನ್ನು ಮಾಡಿ.

ಇನ್ನೊಬ್ಬರು: ಮ್ಯಾನೇಜರಿಗೆ ಹೇಳೋದು ಯಾರು ಅನ್ನೋದೇ ಸಮಸ್ಯೆ ಅಲ್ವಾ ಸರ್.